ಗಿರಮಿಟ್ ತಿನ್ನಲು ಕರೆದ ಪ್ರಭಾವತಿ

ಪ್ರಭಾವತಿ ಹುಬ್ಬಳ್ಳಿ ಧಾರವಾಡದ ನಡುವೆ ಓಡುವ ನಗರ ಬಸ್ಸಿನ ಕಂಡಕ್ಟರ್. ವಯಸ್ಸು ಮೂವತ್ತಾರು. ತಂದೆ ಗಂಗಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಅವಳು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಎದೆನೋವೆಂದು ಮಲಗಿದವರು ಮತ್ತೆ ಏಳಲಿಲ್ಲ. ತಮ್ಮ ಪ್ರತಾಪ ಆಗಿನ್ನೂ ಹೈಸ್ಕೂಲು. ಕಂಡಕ್ಟರ್ ಹುದ್ದೆಗೆ ಅರ್ಜಿ ಕರೆದದ್ದನ್ನು ಪತ್ರಿಕೆಯಲ್ಲಿ ನೋಡಿ, ಯಾರನ್ನೂ ಕೇಳದೆ ಅರ್ಜಿ ಹಾಕಿ, ಟಿಕೆಟ್ ಮಷಿನ್ನು ಹೆಗಲಿಗೆ ತೂಗುಹಾಕಿಕೊಂಡಳು. ತಮ್ಮನನ್ನು ಓದಿಸಿದಳು. ಅವನೀಗ ವಿಜಯಪುರದಲ್ಲಿ ಉಪನ್ಯಾಸಕ. ಬೈರಿದೇವರಕೊಪ್ಪದ ಎರಡು ಕೋಣೆಯ ಮನೆಯಲ್ಲಿ ಅವಳು ಮತ್ತು ತಾಯಿ ಮುದಕವ್ವ, ಇಬ್ಬರೇ.

ಬಸ್ಸಿನಲ್ಲಿ ಅವಳ ಮಾತು ಚುರುಕು. ತುಂಬಿದ ಬಸ್ಸಿನಲ್ಲಿ ಹಿಂದಿನಿಂದ ಮುಂದಿನವರೆಗೆ ಒಮ್ಮೆ ಹಾಯ್ದುಹೋದರೆ ಯಾರು ಎಲ್ಲಿ ಇಳಿಯಬೇಕೆಂಬುದು ನೆನಪಿನಲ್ಲಿ ಉಳಿಯುತ್ತಿತ್ತು. ಕುಡಿದು ಹತ್ತಿದವನನ್ನು ದನಿ ಏರಿಸದೆ ಇಳಿಸುತ್ತಿದ್ದಳು. ಆದರೆ ಮನೆಗೆ ಹೆಣ್ಣು ನೋಡಲು ಜನ ಬಂದರೆ ಅದೇ ಪ್ರಭಾವತಿಗೆ ಬಾಯಿ ಕಟ್ಟುತ್ತಿತ್ತು. ಹಾಗೆ ಬಂದವರು ಹನ್ನೊಂದು ತಂಡ. ಉಪ್ಪಿಟ್ಟು ತಿಂದು, ಚಹಾ ಕುಡಿದು, ಗೋಡೆಯ ಬುದ್ಧನ ಫೋಟೊ ನೋಡಿ, ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿ, ತಿಳಿಸುತ್ತೇವೆ ಎಂದು ಹೋಗುತ್ತಿದ್ದರು. ಹನ್ನೊಂದನೆಯವರು ಮಾತ್ರ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇ ಹೋದರು. ದಿನವೆಲ್ಲ ಗಂಡಸರ ನಡುವೆ ನಿಲ್ಲುವ ಕೆಲಸವಂತೆ, ಅದನ್ನು ಬಿಡುವುದಾದರೆ ನೋಡೋಣವಂತೆ. ಅಂದು ಸಂಜೆ ಪ್ರಭಾವತಿ ತಟ್ಟೆ ತೊಳೆಯುತ್ತ, ಇನ್ನು ಯಾರನ್ನೂ ಕರೆಸಬೇಡ ಎಂದು ತಾಯಿಗೆ ಹೇಳಿಬಿಟ್ಟಳು. ಮೂರು ವರ್ಷ ಆ ಮಾತು ಮನೆಯಲ್ಲಿ ಏಳಲೇ ಇಲ್ಲ.

ಅವಳ ಫೋನಿಗೆ ಪರಿಚಯದ ಆ್ಯಪ್ ಹಾಕಿಕೊಟ್ಟದ್ದು ದಾವಲಬಿ. ದಾವಲಬಿ ಅವಳದೇ ಡಿಪೋದ ಹಿರಿಯ ಕಂಡಕ್ಟರ್, ಐವತ್ತರ ಹತ್ತಿರದವಳು, ಪ್ರಭಾವತಿಗೆ ಕೆಲಸ ಕಲಿಸಿದವಳು. ಅವಳ ಮಗಳು ಅದೇ ಆ್ಯಪಿನಲ್ಲಿ ಸಿಕ್ಕವನನ್ನು ಮದುವೆಯಾಗಿ ಸುಖವಾಗಿದ್ದಳು. ನಾಚಿಕೆಪಡುತ್ತಲೇ ಪ್ರಭಾವತಿ ತನ್ನ ಒಂದು ಫೋಟೊ ಹಾಕಿದಳು. ಬೇರೆ ಫೋಟೊ ಇರಲಿಲ್ಲವಾದ್ದರಿಂದ ಖಾಕಿ ಸಮವಸ್ತ್ರದ್ದೇ.

ಮೊದಲ ಒಂದು ವರ್ಷ ಕೈಗೇನೂ ಹತ್ತಲಿಲ್ಲ. ಬೆಳಗಾವಿಯ ಒಬ್ಬನ ಜೊತೆ ನಾಲ್ಕು ತಿಂಗಳು ಮಾತು ನಡೆಯಿತು. ಆರಂಭದಲ್ಲಿ ಅವನ ಮೆಸೇಜಿಗಾಗಿ ಕಾಯುತ್ತಿದ್ದಳು. ಆದರೆ ಭೇಟಿಯ ಮಾತನ್ನು ಅವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಹೇಳುವುದೆಲ್ಲ ಹೇಳಿ ಮುಗಿದ ಮೇಲೆ ಬೆಳಗ್ಗೆ ಒಂದು ಹೂವಿನ ಚಿತ್ರ, ಮಧ್ಯಾಹ್ನ "ಊಟ ಆತೇನ್ರಿ" ಇಷ್ಟೇ ಉಳಿಯಿತು. ಕೊನೆಗೆ ಹೂವೂ ನಿಂತಿತು. ಇನ್ನೊಬ್ಬ ಎರಡನೆಯ ದಿನವೇ, ನಾಳೆ ನನ್ನ ರೂಮಿಗೆ ಬಾ, ಬರದಿದ್ದರೆ ಟೈಮ್‌ಪಾಸಿಗೆ ಬಂದವಳೆಂದು ತಿಳಿಯುತ್ತೇನೆ ಎಂದು ಬರೆದ. ಅದನ್ನು ಓದಿದಾಗ ಯಾರೋ ಬಾಗಿಲಿಗೆ ಅಡ್ಡ ನಿಂತಂತೆ ಅವಳಿಗೆ ಅನಿಸಿತು. ಅವನನ್ನು ಅಲ್ಲಿಗೇ ಬ್ಲಾಕ್ ಮಾಡಿದಳು.

ಮೂರನೆಯವನು ನರಗುಂದದ ಕಡೆಯವನು, ಸಭ್ಯ. ಬೆಳಗಾವಿಯವನ ಜೊತೆ ಆದದ್ದು ಮತ್ತೆ ಆಗಬಾರದೆಂದು ಈ ಬಾರಿ ತಾನೇ ಕೇಳಲು ನಿರ್ಧರಿಸಿದಳು. ಕೇಳಿದ್ದು ಹೇಗೆಂದರೆ, ಒಂದು ಪುಟದಷ್ಟು ಬರೆದು. ತಪ್ಪು ತಿಳಿಯಬೇಡಿ ಎಂದು ಶುರುಮಾಡಿ, ನಾನು ಅಂಥವಳಲ್ಲ ಎಂದು ಮುಂದುವರಿಸಿ, ತಾಯಿಯ ಚಿಂತೆ, ತನ್ನ ವಯಸ್ಸು, ಭೇಟಿಯಾದ ಮೇಲೆ ಇಬ್ಬರೂ ತೀರ್ಮಾನಕ್ಕೆ ಬರುವುದು ಒಳ್ಳೆಯದೆಂಬ ಮಾತು, ಅದಕ್ಕೆ ಅನುಕೂಲವಾಗಲೆಂದು ಆರು ದಿನಾಂಕಗಳು. ಅವನು ನೋಡಿದ್ದಕ್ಕೆ ಗುರುತು ಬಿತ್ತು. ಉತ್ತರ ಬರಲಿಲ್ಲ. ಎರಡು ತಾಸಿನ ನಂತರ, ಸಿಟ್ಟಾದಿರಾ ಎಂದು ಕೇಳಿದಳು. ಮರುದಿನ ಅವನ ಹೆಸರೇ ಪಟ್ಟಿಯಲ್ಲಿರಲಿಲ್ಲ. ಎರಡು ದಿನ ಬಸ್ಸಿನಲ್ಲಿ ಚಿಲ್ಲರೆ ತಪ್ಪು ಕೊಟ್ಟಳು.

ಅದಾಗಿ ಐದು ತಿಂಗಳಿಗೆ ರಾಜೀವ ಸಿಕ್ಕಿದ.

ರಾಜೀವನಿಗೆ ಮೂವತ್ತೊಂಬತ್ತು. ಧಾರವಾಡದ ಬಳಿಯ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಪಂಪಿನ ಕಾರ್ಖಾನೆಯಲ್ಲಿ, ತಯಾರಾದ ಭಾಗಗಳ ಅಳತೆ ಸರಿಯಿದೆಯೇ ಎಂದು ತಪಾಸಣೆ ಮಾಡುವ ಕೆಲಸ. ವಾಸ ಧಾರವಾಡ. ಒಮ್ಮೆ ಮದುವೆಯಾಗಿ, ಎರಡು ವರ್ಷದಲ್ಲಿ ಬಿಡುಗಡೆಯೂ ಆಗಿತ್ತು. ಅದನ್ನು ಅವನು ಮೂರನೆಯ ದಿನವೇ ತಾನಾಗಿ ಹೇಳಿದ್ದ. ಪ್ರಭಾವತಿಗೆ ಮೊದಲು ಹಿಡಿಸಿದ್ದು ಅವನು ಕೇಳುತ್ತಿದ್ದ ರೀತಿ. ಕಂಡಕ್ಟರ್ ಎಂದು ಗೊತ್ತಾದಾಗ ಉಳಿದವರು ಅಯ್ಯೋ ಎನ್ನುತ್ತಿದ್ದರು, ಇಲ್ಲವೇ ಸುಮ್ಮನಾಗುತ್ತಿದ್ದರು. ಇವನು, ಬ್ರೇಕ್ ಹಾಕಿದಾಗ ಕೈ ಹಿಡಿಯದೆ ಹೇಗೆ ನಿಲ್ಲುತ್ತೀರಿ ಎಂದು ಕೇಳಿದ. ಕಾಲು ಅಗಲಿಸಿ ಸೊಂಟವನ್ನು ಸೀಟಿಗೆ ಆನಿಸುವುದನ್ನು ಅವಳು ವಿವರಿಸಿದಳು. ವಾರದ ನಂತರ ಅವನೇ ನೆನಪಿಟ್ಟು, ಇವತ್ತು ಬಸ್ಸಿನಲ್ಲಿ ಹಾಗೆ ನಿಂತು ನೋಡಿದೆ, ಒಬ್ಬ ಅಜ್ಜಿಯ ಮೇಲೆ ಬಿದ್ದೆ ಎಂದು ಬರೆದ.

ಮೂರನೆಯ ವಾರಕ್ಕೆ, ಮಂಡಕ್ಕಿಗೆ ಗೊಜ್ಜು ಕಲಸಿ ಮಾಡುವ ಗಿರಮಿಟ್ಟಿನ ಜಗಳ ಶುರುವಾಯಿತು. ಪುಟಾಣಿ ಹಿಟ್ಟನ್ನು, ಎಂದರೆ ಹುರಿಗಡಲೆ ಪುಡಿಯನ್ನು, ಚುರುಮರಿಯ ಜೊತೆ ಗೊಜ್ಜಿನಲ್ಲೇ ಕಲಸಬೇಕೆಂದು ಅವಳು. ಕೊನೆಗೆ ಮೇಲಿಂದ ಉದುರಿಸಬೇಕೆಂದು ಅವನು. ಹುಬ್ಬಳ್ಳಿಯವರಿಗೆ ಗಿರಮಿಟ್ ಗೊತ್ತಿಲ್ಲ ಎಂದು ಅವನು ಬರೆದರೆ, ಉಣಕಲ್ ಕೆರೆಯ ಹತ್ತಿರದ ಗಾಡಿಯದನ್ನು ತಿಂದು ಆಮೇಲೆ ಮಾತಾಡಿ ಎಂದು ಅವಳು ಬರೆದಳು. ತನಗೇ ಆಶ್ಚರ್ಯವಾಗುವಂತೆ ಒಬ್ಬಳೇ ನಗುತ್ತಿದ್ದಳು. ಹಾಗೆ ನಕ್ಕ ಬೆನ್ನಿಗೇ ಹೆದರಿಕೆಯೂ ಬರುತ್ತಿತ್ತು. ಇದೂ ಹೂವಿನ ಚಿತ್ರಕ್ಕೆ ಬಂದು ನಿಲ್ಲುತ್ತದೆಯೇ? ಕೇಳಿದರೆ ಇವನೂ ಪಟ್ಟಿಯಿಂದ ಮಾಯವಾಗುತ್ತಾನೆಯೇ?

ಒಂದು ಗುರುವಾರ ಮೊದಲ ಪಾಳಿ ಮುಗಿಸಿ, ಮಧ್ಯಾಹ್ನ ಎರಡೂವರೆಗೆ ಡಿಪೋದ ಕ್ಯಾಂಟೀನಿನಲ್ಲಿ ದಾವಲಬಿಯ ಎದುರು ಕೂತಿದ್ದಾಗ ಫೋನು ಮಿಡಿಯಿತು. ರಾಜೀವ ತನ್ನ ಕಾರ್ಖಾನೆಯ ಕ್ಯಾಂಟೀನಿನ ಗಿರಮಿಟ್ಟಿನ ಫೋಟೊ ಕಳಿಸಿದ್ದ. ಒಣಗಿದ ಚುರುಮರಿ, ಮೇಲೆ ಒಂದೇ ಒಂದು ಉಳ್ಳಾಗಡ್ಡಿ ಚೂರು. ಕೆಳಗೆ, "ಇದನ್ನ ನೋಡಿದ್ರ ನಿಮ್ಮ ಕೆರಿ ಗಾಡೀನ ಛಲೋ ಇರಬೇಕ್ರಿ" ಎಂದು ಬರೆದಿದ್ದ.

ಪ್ರಭಾವತಿ ಅದನ್ನು ದಾವಲಬಿಗೆ ತೋರಿಸಿದಳು. ಇವತ್ತಲ್ಲ ನಾಳೆ ಭೇಟಿಯ ಮಾತು ಎತ್ತಬೇಕು, ಹೇಗೆಂದು ತಿಳಿಯುತ್ತಿಲ್ಲ ಎಂದೂ ಹೇಳಿದಳು. ದಾವಲಬಿ ಕನ್ನಡಕ ಏರಿಸಿ ಫೋಟೊ ನೋಡಿ, ಹಿಂದಿನ ನಾಲ್ಕು ದಿನದ ಮಾತುಗಳನ್ನೂ ಬೆರಳಿನಿಂದ ಸರಿಸುತ್ತ ಓದಿದಳು.

"ನಾಳೆ ಯಾಕ? ಆಂವಾನ ಬಾಗಲಾ ತಗದ ನಿಂತಾನ. ಮಾತು ನಡದಾಗ ಕೇಳಬೇಕು ಪ್ರಭಾ, ನಿಂತ ಮ್ಯಾಲಲ್ಲ."

ಪ್ರಭಾವತಿ ಅಲ್ಲೇ ಬರೆಯತೊಡಗಿದಳು. ಮುಗಿಸಿ ತೋರಿಸಿದಾಗ ಒಂಬತ್ತು ಸಾಲಾಗಿತ್ತು. ತಪ್ಪು ತಿಳಿಯಬೇಡಿ ಎಂಬುದು ಎರಡು ಕಡೆ ಇತ್ತು. ಬಹಳ ದಿನದಿಂದ ಕೇಳಬೇಕೆಂದಿದ್ದೆ, ನಿಮಗೆ ಇಷ್ಟವಿಲ್ಲದಿದ್ದರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ, ಭೇಟಿಯಾದರೆ ಮುಂದಿನದು ಯೋಚಿಸಬಹುದು ಎಂದೆಲ್ಲ ಇತ್ತು. ದಿನ ಮಾತ್ರ ಇರಲಿಲ್ಲ. ನಿಮಗೆ ಯಾವಾಗ, ಎಲ್ಲಿ ಅನುಕೂಲವೋ ಅಲ್ಲಿ ಎಂದಿತ್ತು.

ದಾವಲಬಿ ಫೋನನ್ನು ಮೇಜಿನ ಮೇಲೆ ಇಟ್ಟಳು.

"ಇದನ್ನ ಓದಿದಾಂವಗ ನೀ ಗಿರಮಿಟ್ಟಿಗೆ ಕರದೀಯೋ, ಪಂಚಾಯ್ತಿಗೆ ಕರದೀಯೋ ತಿಳಿಯೂದಿಲ್ಲ. ಮುಂದಿಂದು ಅಂತ ಬರದಿ. ಒಂದು ಪ್ಲೇಟು ತಿನ್ನೂಕಿಂತ ಮದಲ ಅವಂಗ ಮುಂದಿಂದಕ್ಕ ಹೂಂ ಅನಬೇಕಾಗ್ತೈತಿ."

ಪ್ರಭಾವತಿಗೆ ರೂಮಿಗೆ ಬಾ ಎಂದವನ ನೆನಪಾಯಿತು. ಅವನದು ಒರಟು, ತನ್ನದು ವಿನಯ, ನಿಜ. ಆದರೆ ಇಲ್ಲ ಎನ್ನಬೇಕಾದವರ ಹೆಗಲ ಮೇಲೆ ಬೀಳುವ ಭಾರ ಎರಡರಲ್ಲೂ ಇತ್ತು. ನರಗುಂದದವನು ಉತ್ತರಿಸದೆ ಹೋದದ್ದು ಅವಳಿಗೆ ಆಗ ಮೊದಲ ಬಾರಿ ಅರ್ಥವಾಯಿತು. ಆ ಒಂದು ಪುಟಕ್ಕೆ ಅವನು ಉತ್ತರವೆಂದು ಏನನ್ನು ಬರೆಯಬೇಕಿತ್ತು?

ಎಲ್ಲ ಅಳಿಸಿದಳು. ದಾವಲಬಿ ಹೇಳುತ್ತ ಹೋದಂತೆ ಮತ್ತೆ ಬರೆದಳು. ದಿನ, ವೇಳೆ, ಜಾಗ ಮೂರನ್ನೂ ನೀನೇ ಹೇಳು, ಅವನು ತಲೆ ಕೆಡಿಸಿಕೊಳ್ಳದೆ ಹೂಂ ಅನ್ನುವ ಹಾಗಿರಲಿ, ಒಲ್ಲೆ ಅನ್ನುವುದೂ ಅಷ್ಟೇ ಸಲೀಸಾಗಿರಲಿ ಎಂಬುದು ದಾವಲಬಿಯ ಮಾತು. ಜಾಗ ಜನ ಓಡಾಡುವಂಥದ್ದಿರಬೇಕು, ಬೆಳಕಿರಬೇಕು. ಕೂರುವ ಹೊತ್ತು ಗಿಡ್ಡದಿರಬೇಕು, ಸರಿಹೋಗದಿದ್ದರೆ ಇಬ್ಬರಿಗೂ ಎದ್ದುಹೋಗಲು ನೆಪ ಬೇಕು. ಎರಡನೆಯ ಸಲ ಮೂರು ಸಾಲಾಯಿತು. ಅದರಲ್ಲಿ, ನೀವು ಬಂದರೆ ನಾನೂ ಹೋಗುತ್ತೇನೆ ಎಂದಿತ್ತು.

"ಅಂವಾ ಬರದಿದ್ರ ನೀ ಗಿರಮಿಟ್ ತಿನ್ನೂದಿಲ್ಲೇನು?"

"ತಿಂತೇನಿ ಅಕ್ಕಾ. ರವಿವಾರ ಪಾಳಿ ಮುಗಿಸಿ ಅವ್ವಗ ಕಟ್ಟಿಸ್ಕೊಂಡು ಹೋಗೂದು ಇದ್ದದ್ದ."

"ಮತ್ತ ಹಂಗ ಬರಿ. ಖರೇನ ಹೊಂಟಾಕಿ ಕರದ್ರ ಕರಸ್ಕೊಂಡಾವಂಗ ಹಗುರ."

ಪ್ರಭಾವತಿ ಮೂರನೆಯ ಸಲ ಬರೆದಳು. ಮೊದಲು ಅವನ ಫೋಟೊಕ್ಕೆ ಉತ್ತರವಾಗಿ, ಆ ಉಳ್ಳಾಗಡ್ಡಿ ಚೂರಿಗೆ ಒಂದು ಪ್ರಶಸ್ತಿ ಕೊಡಬೇಕು ಎಂದು ಕಳಿಸಿದಳು. ಅವನು ನಕ್ಕ ಗುರುತು ಬಂತು. ಅದರ ಬೆನ್ನಿಗೇ ಒಂದು ವಾಕ್ಯ:

"ಈ ರವಿವಾರ ಸಂಜಿ ಐದಕ್ಕ ನಾ ಉಣಕಲ್ ಕೆರಿ ಗಾಡಿಗೆ ಗಿರಮಿಟ್ ತಿನ್ನಾಕ ಹೋಗ್ತೇನ್ರಿ, ಅನುಕೂಲ ಆದ್ರ ನೀವೂ ಬರ್ರಿ, ಅರ್ಧ ತಾಸಿನ್ಯಾಗ ಯಾರ ಮಾತು ಖರೇ ಅಂತ ನೋಡೂಣು."

ಕಳಿಸುವ ಗುಂಡಿಯ ಮೇಲೆ ಬೆರಳು ನಿಂತಿತು. ಕೊನೆಗೆ "ಸಾರಿ" ಎಂದು ಸೇರಿಸಲೇ ಎಂದು ಕೇಳಿದಳು. ಯಾತಕ್ಕೆ ಸಾರಿ ಎಂದು ದಾವಲಬಿ ಹುಬ್ಬು ಏರಿಸಿದಳು. ಪ್ರಭಾವತಿಗೂ ಕಾರಣ ಸಿಗಲಿಲ್ಲ. ಒತ್ತಿದಳು.

ಮೆಸೇಜು ಹೋಯಿತು. ಅವನು ನೋಡಿದ. ಏನೋ ಬರೆಯುತ್ತಿರುವಂತೆ ಮೂರು ಚುಕ್ಕಿ ಕುಣಿದವು, ನಿಂತವು. ಮತ್ತೆ ಬರಲಿಲ್ಲ.

ಮೂರು ಗಂಟೆಯಾಯಿತು. ಅವಳು ಸ್ಕೂಟಿ ಹತ್ತಿ ಮನೆಗೆ ಬಂದಳು. ಬಟ್ಟೆ ಒಗೆದು ಹಾಕಿದಳು. ನಾಲ್ಕು ಗಂಟೆಗೆ ಫೋನು ಕೈಗೆ ತೆಗೆದುಕೊಂಡು, ಬರದಿದ್ದರೂ ನಡೆಯುತ್ತದೆ, ಸುಮ್ಮನೆ ಕೇಳಿದೆ ಎಂದು ಬರೆದೇಬಿಟ್ಟಳು. ಬೆರಳು ಇನ್ನೇನು ಗುಂಡಿಗೆ ತಾಗಬೇಕು, ಆಗ ನಿಂತಳು. ತಾನು ಕೇಳಿದ್ದು ಸುಮ್ಮನೆ ಅಲ್ಲ. ಅನುಕೂಲವಾದರೆ ಬರ್ರಿ ಎಂಬ ಮಾತಿನಲ್ಲಿ ಬರದಿದ್ದರೂ ನಡೆಯುತ್ತದೆ ಎಂಬುದು ಆಗಲೇ ಇತ್ತು. ಅದನ್ನು ಎರಡನೆಯ ಸಲ ಹೇಳಿದರೆ, ತನಗೆ ಧೈರ್ಯ ಸಾಲದು ಎಂದಷ್ಟೇ ಹೇಳಿದಂತೆ. ಒಂದೊಂದೇ ಅಕ್ಷರವನ್ನು ಅಳಿಸಿದಳು. ಅವನು ಒಲ್ಲೆ ಎಂದರೆ "ಅಡ್ಡಿ ಇಲ್ರಿ" ಎಂದು ಬರೆಯುವುದು, ಏನೂ ಅನ್ನದಿದ್ದರೆ ಏನೂ ಬರೆಯದಿರುವುದು, ರವಿವಾರ ಮಾತ್ರ ಹೋಗಿ ಗಿರಮಿಟ್ ತಿನ್ನುವುದು ಎಂದು ತನ್ನೊಳಗೇ ನಿಶ್ಚಯಿಸಿದಳು. ಫೋನನ್ನು ಟಿ.ವಿ. ಮೇಲಿಟ್ಟು ತಾಯಿಯ ಜೊತೆ ಮೆಂತ್ಯದ ಸೊಪ್ಪು ಸೋಸಲು ಕೂತಳು.

ಆರೂವರೆಗೆ ಫೋನು ಸದ್ದು ಮಾಡಿತು. ಸೊಪ್ಪು ಮುಗಿಸಿ, ಕೈ ತೊಳೆದು ನೋಡಿದಳು.

"ಮಷಿನ್ ಕೆಟ್ಟಿತ್ರಿ, ಈಗ ಹೊರಗ ಬಂದೆ. ಬರಾಕ ಭಾಳ ಖುಷಿ ಐತಿ. ಆದ್ರ ರವಿವಾರ ಗದಗಿನ್ಯಾಗ ಅಕ್ಕನ ಮಗಳ ಕಿವಿ ಚುಚ್ಚೂದೈತಿ. ಶನಿವಾರ ಐದೂವರಿಗೆ ನಡೀತೈತೇನ್ರಿ?"

ರವಿವಾರ ಆಗುವುದಿಲ್ಲ ಎಂಬುದನ್ನು ಮೊದಲು ಓದಿ ಅವಳ ಮುಖ ಇಳಿಯಿತು. ಮತ್ತೊಮ್ಮೆ ಓದಿದಾಗ ಕೊನೆಯ ಸಾಲು ಕಂಡಿತು. ಬರಲು ಮನಸ್ಸಿಲ್ಲದವನು ಆಗುವುದಿಲ್ಲ ಎಂದು ಅಲ್ಲಿಗೇ ನಿಲ್ಲಿಸುತ್ತಾನೆ. ಇವನು ತಾನೇ ಬೇರೆ ದಿನ ಹುಡುಕಿ ತಂದಿದ್ದ, ಅದೂ ಒಂದು ದಿನ ಮೊದಲಿನದು. "ನಡೀತೈತ್ರಿ" ಎಂದು ಬರೆದಳು. ಅಷ್ಟೇ. ಆಮೇಲೆ ಅಡುಗೆಮನೆಗೆ ಹೋಗಿ, ಯಾತಕ್ಕೆಂದು ಹೇಳದೆ, ಮುದಕವ್ವನ ಎರಡೂ ಭುಜ ಹಿಡಿದು ಒಂದು ಸುತ್ತು ತಿರುಗಿಸಿದಳು. ಸಾರು ಉಕ್ಕುತ್ತದೆ ಎಂದು ಮುದಕವ್ವ ಬೈದಳು.

ಶನಿವಾರ ಬರುವವರೆಗೆ ಮಾತು ಮುಂಚಿನಂತೆಯೇ ನಡೆಯಿತು. ಗಾಡಿ ಯಾವ ಬದಿಗೆ ನಿಂತಿರುತ್ತದೆ ಎಂದು ಅವನು ಕೇಳಿದ, ಅವಳು ಗುರುತು ಹೇಳಿದಳು. ಎಲ್ಲಿ, ಎಷ್ಟು ಹೊತ್ತಿಗೆ, ಯಾರನ್ನು ಎಂಬುದನ್ನು ದಾವಲಬಿಗೆ ತಿಳಿಸಿಟ್ಟಳು. ಆರೂಕಾಲಿಗೆ ಒಂದು ಫೋನು ಮಾಡುತ್ತೇನೆ, ಎದ್ದು ಬರಬೇಕೆನಿಸಿದರೆ ಡಿಪೋದಿಂದ ಕರೆ ಬಂತೆಂದು ಹೇಳು ಎಂದು ದಾವಲಬಿ ವ್ಯವಸ್ಥೆ ಮಾಡಿದಳು.

ಅಂದು ಪ್ರಭಾವತಿ ಹಸಿರು ಇಳಕಲ್ ಸೀರೆಯನ್ನು ತೆಗೆದು, ಮತ್ತೆ ಒಳಗಿಟ್ಟಳು. ಗಿರಮಿಟ್ ತಿನ್ನಲು ಹೋಗುವವಳು ದಿನವೂ ತೊಡುವ ಚೂಡಿದಾರ ತೊಟ್ಟು, ತನ್ನ ಸ್ಕೂಟಿಯಲ್ಲೇ ಹೋದಳು. ಐದು ಮೂವತ್ತೆಂಟಕ್ಕೆ ರಾಜೀವ ಬಂದ. ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಮುಂಚೆಯೇ ತಿಳಿಸಿದ್ದ. ಫೋಟೊದಲ್ಲಿ ಕಂಡದ್ದಕ್ಕಿಂತ ತೆಳ್ಳಗಿದ್ದ, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಮೊದಲ ಎರಡು ನಿಮಿಷ ಇಬ್ಬರೂ ಕೆರೆ ನೋಡಿದರು. ಅಷ್ಟರಲ್ಲಿ ಗಾಡಿಯವನು ಎರಡು ಪ್ಲೇಟು ಕೈಗೆ ಕೊಟ್ಟ, ಮೇಲೊಂದು ಮಿರ್ಚಿ ಬಜ್ಜಿ. ರಾಜೀವ ಒಂದು ಚಮಚ ಬಾಯಿಗಿಟ್ಟು ನಿಧಾನವಾಗಿ ಅಗಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ಹಿಟ್ಟು ಗೊಜ್ಜಿನ್ಯಾಗ ಕಲಸ್ಯಾನ್ರಿ," ಅಂದ.

"ಹೂಂ. ಹೆಂಗೈತ್ರಿ?"

"ಹೇಳಬೇಕಂದ್ರ ನಾಚಿಕಿ ಆಗಾಕತ್ತೈತಿ. ಇಪ್ಪತ್ತು ವರ್ಷ ತಪ್ಪು ತಿಂದೇನಿ."

ಪ್ರಭಾವತಿ ಜೋರಾಗಿ ನಕ್ಕಳು. ಆಮೇಲೆ ಮಾತಿಗೆ ಬರವಾಗಲಿಲ್ಲ. ಸೀಟಿಗೆ ಸೊಂಟ ಆನಿಸಿ ನಿಲ್ಲುವುದನ್ನು ಅವಳು ಗಾಡಿಗೇ ಆನಿಸಿಕೊಂಡು ತೋರಿಸಿದಳು. ಕೆರೆಯ ದಂಡೆಯ ಮೇಲೆ ಕೂತಾಗ, ಕೂದಲೆಳೆಯಷ್ಟು ದಪ್ಪ ಹೆಚ್ಚಾದ ಒಂದು ಭಾಗಕ್ಕಾಗಿ ಇಡೀ ಪಂಪು ಹೇಗೆ ವಾಪಸು ಬರುತ್ತದೆ ಎಂದು ಅವನು ಹೇಳಿದ. ತನ್ನ ಮದುವೆ ಮುರಿದದ್ದನ್ನೂ ಹೇಳಿದ, ಆ ಹೆಂಗಸನ್ನು ಬೈಯದೆ. ಹನ್ನೊಂದು ತಂಡಗಳ ಕಥೆಯನ್ನು ಇವಳು ಹೇಳಿದಳು. ಅವನು ಪಾಪ ಎನ್ನಲಿಲ್ಲ, ಹನ್ನೊಂದು ಸಲ ಉಪ್ಪಿಟ್ಟು ಯಾರು ಮಾಡಿದ್ದು ಎಂದು ಕೇಳಿದ.

ಆರೂಕಾಲಿಗೆ ದಾವಲಬಿಯ ಫೋನು ಬಂತು. ಪ್ರಭಾವತಿ ಎತ್ತಿ, ಎಲ್ಲಾ ಆರಾಮ ಐತಿ ಅಕ್ಕಾ ಎಂದು ಇಟ್ಟಳು. ಹೇಳಿದ ಅರ್ಧ ತಾಸು ಮುಗಿದು ಕೆಲವು ನಿಮಿಷವಾಗಿತ್ತು. ಇನ್ನೂ ಕೂರಬೇಕೆನಿಸಿತು, ಆದರೂ ಎದ್ದಳು. ಅವ್ವ ಕಾಯುತ್ತಾಳೆ ಎಂದಳು. ಹೊತ್ತು ಚೆನ್ನಾಗಿರುವಾಗಲೇ ಎದ್ದರೆ ಮತ್ತೊಂದು ದಿನಕ್ಕೆ ಮಾತು ಉಳಿಯುತ್ತದೆ ಎಂಬುದು ಅವಳಿಗೆ ಯಾರೂ ಹೇಳದೆಯೇ ತಿಳಿದಿತ್ತು.

ರಾಜೀವನೂ ಎದ್ದ. ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತ ಒಂದು ಕ್ಷಣ ನಿಂತ.

"ಪ್ರಭಾವತಿಯವರ, ನಿಮಗ ಒಂದು ಮಾತು ಹೇಳಬೇಕು. ಹತ್ತು ದಿನದಿಂದ ನಾನೂ ಭೇಟಿಗೆ ಕರೀಬೇಕಂತ ಬರದು ಬರದು ಅಳಸಾಕತ್ತಿದ್ದೆ. ಹೆಂಗ ಬರದ್ರೂ ಅರ್ಜಿ ಆಗ್ತಿತ್ತು. ನಿಮ್ಮದು ಬಂತ ನೋಡ್ರಿ, ಓದಿ ಮುಗಿಯೂದ್ರಾಗ ಮನಸ್ಸಿನ್ಯಾಗ ಹೂಂ ಅಂದಿದ್ದೆ."

ತನ್ನದೂ ಎರಡು ಸಲ ಅರ್ಜಿಯೇ ಆಗಿತ್ತು ಎಂದು ಅವಳು ಒಪ್ಪಿಕೊಳ್ಳಬಹುದಿತ್ತು. ಒಪ್ಪಿಕೊಳ್ಳಲಿಲ್ಲ. ಆ ಗೆಲುವನ್ನು ಒಂದು ದಿನವಾದರೂ ಇಡಿಯಾಗಿ ತನ್ನ ಹತ್ತಿರ ಇಟ್ಟುಕೊಳ್ಳಬೇಕೆನಿಸಿತು. ಸ್ಕೂಟಿ ಶುರುಮಾಡಿ ಹೊರಟಳು. ದಾರಿಯುದ್ದಕ್ಕೂ ಎದುರುಗಾಳಿ ಮುಖಕ್ಕೆ ಬಡಿಯುತ್ತಿತ್ತು. ಅವಳು ಹಲ್ಲು ಬಿಟ್ಟುಕೊಂಡೇ ಬಂದಳು.

ಮನೆ ಮುಟ್ಟುವಷ್ಟರಲ್ಲಿ ಅವನ ಮೆಸೇಜು ಬಂದಿತ್ತು. ಮುಂದಿನ ಶನಿವಾರ ಸಂಜೆ ಧಾರವಾಡದ ಸಾಧನಕೇರಿ ಕೆರೆಯ ದಂಡೆಗೆ ನಡೆದಾಡಲು ಹೋಗುತ್ತಾನಂತೆ, ಅನುಕೂಲವಾದರೆ ಬರಬೇಕಂತೆ, ಒಂದು ತಾಸಿಗೆ. ಅವನದೂ ಒಂದೇ ವಾಕ್ಯ. ಈ ಸಲ ಅವಳು ಹೊಸ್ತಿಲಲ್ಲಿ ನಿಂತುಕೊಂಡೇ ಉತ್ತರ ಕಳಿಸಿದಳು.

ಮುದಕವ್ವ ಬಾಗಿಲಲ್ಲಿ ಗಿರಮಿಟ್ಟಿನ ಪೊಟ್ಟಣ ಇಸಿದುಕೊಂಡಳು. ಮಗಳ ಮುಖ ನೋಡಿದಳು, ಪೊಟ್ಟಣ ನೋಡಿದಳು. ಬರೀ ಗಿರಮಿಟ್ಟಿಗೆ ಹೋದವಳ ಮುಖ ಇದಲ್ಲವೆಂದು ಅವಳಿಗೆ ಅನಿಸಿರಬೇಕು. ಪ್ರಭಾವತಿಯೂ ಮುಚ್ಚಿಡಲಿಲ್ಲ. ರಾಜೀವ ಎಂಬುವರನ್ನು ಭೇಟಿಯಾಗಿ ಬಂದೆ, ಇಂಥ ಕಡೆ ಕೆಲಸ, ಹೀಗೆ ಹೀಗೆ ಎಂದು ಹೇಳಿದಳು. ಮುದಕವ್ವ ಪೊಟ್ಟಣದ ದಾರ ಬಿಚ್ಚಿದಳು.

"ಅವರ ಕರದಿದ್ರೇನು?"

"ಇಲ್ಲವ್ವಾ. ನಾನ ಕರದೆ."

"ಬಂದ್ರು?"

"ಬಂದ್ರು."

ಮುದಕವ್ವ ಒಂದು ಹಿಡಿ ಗಿರಮಿಟ್ಟನ್ನು ಮಗಳ ಅಂಗೈಗೆ ಹಾಕಿದಳು. "ಛಲೋ ಮಾಡಿದಿ," ಅಂದಳು. ತಾಯಿ ಮಗಳು ಹೊಸ್ತಿಲ ಮೇಲೆಯೇ ಕೂತು ತಿಂದರು.